ಬಾಲ ಇಲ್ಲದ ಬಾಕ್

ನಮ್ಮೂರಲ್ಲಿ ಕಾರ್ ಅಂದರೆ ಕಾರು, ಬಸ್ ಅಂದರೆ ಬಸ್ಸು. ಬಿಇ ಓದುವಾಗ ಹಾಸ್ಟೆಲಿನ ಪೇಟೆ ಹುಡುಗರು ನನ್ನ ಈ 'ಉ' ಬಾಲಕ್ಕೆ ನಕ್ಕಿದ್ದುಂಟು. ಅದನ್ನು ಕತ್ತರಿಸಿಬಿಟ್ಟೆ ಅಂದುಕೊಂಡಿದ್ದೆ. ಪ್ರಾಜೆಕ್ಟ್ ಮೇಲೆ ಹನೋಯಿಗೆ ಹೋದಾಗ ಅದು ಮತ್ತೆ ಚಿಗುರಿತು.

ಮನೆ ಓನರ್ ನಮ್ಮಪ್ಪನಿಗಿಂತ ನಾಲ್ಕೈದು ವರ್ಷ ದೊಡ್ಡವರು. ಅಂಥವರನ್ನು ಅಲ್ಲಿ 'ಬಾಕ್' ಅನ್ನಬೇಕು, ನಮ್ಮಲ್ಲಿ ದೊಡ್ಡಪ್ಪ ಅನ್ನೋ ಹಾಗೆ. ನಾನು ಕೈಮುಗಿದು 'ಬಾಕು' ಅಂದೆ. ಅವರ ಮಗ ನಗು ತಡೆಯಲಾಗದೆ ಒಳಗೆ ಓಡಿದ. ವಿಯೆಟ್ನಾಮಿಯಲ್ಲಿ ಒಂದೊಂದು ಉಚ್ಚಾರವೂ ಬೇರೆ ಬೇರೆ ಪದವಾಗಿ ಕೇಳುತ್ತೆ. 'ಕು' ಅಂದರೆ ಗಂಡಸರ ಗುಪ್ತಾಂಗ ಅಂತ ಮಾರನೇ ದಿನ ಸಹೋದ್ಯೋಗಿ ಹೇಳಿದಾಗ ನನಗೆ ಊಟ ಸೇರಲಿಲ್ಲ.

ಅವರ ಬಾಕ್‌ನಲ್ಲಿ ಕೊನೆಯ ಕ್ ಬಿಡುಗಡೆಯೇ ಆಗೋದಿಲ್ಲ. ನಾಲಿಗೆಯ ಹಿಂಭಾಗ ಮೇಲಕ್ಕೆ ತಾಗಿ ಉಸಿರನ್ನು ಕಟ್ಟುತ್ತೆ, ಅಲ್ಲಿಗೇ ಮುಗೀತು. ಇದು ನಮಗೆ ಗೊತ್ತಿಲ್ಲದ್ದೇನಲ್ಲ. 'ಅಕ್ಕ' ಅನ್ನಿ, ಎರಡು ಕಕಾರದ ನಡುವೆ ಒಂದು ಕ್ಷಣ ನಿಲ್ತೀವಲ್ಲ, ಅಲ್ಲೇ ನಿಂತುಬಿಡಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದಾಗ ಕೊನೆಯಲ್ಲಿ ಗಾಳಿ ತಾಗಿದರೆ ಬಾಲ ಇನ್ನೂ ಇದೆ ಅಂತ ಅರ್ಥ.

ನಾನು ಬಾಲ ಕತ್ತರಿಸುವ ಭರದಲ್ಲಿ ಸ್ವರವನ್ನೂ ಕತ್ತರಿಸಿದೆ. ದೊಡ್ಡಪ್ಪ ಹೋಗಿ 'ಉತ್ತರ ದಿಕ್ಕು' ಆದರು! ಉತ್ತರ ಅನ್ನೋ ಪದದಲ್ಲಿರೋದು ಗಿಡ್ಡ ಸ್ವರ, ಆದರೆ ನಮ್ಮ 'ಅ' ಅಲ್ಲ. ನಾವು 'ಅ' ಅನ್ನುವಾಗ ಬಾಯಿ ಅರ್ಧ ಮುಚ್ಚುತ್ತೆ. ಅವರದ್ದು 'ಆ' ಅನ್ನುವಷ್ಟೇ ತೆರೆದ ಬಾಯಿ, 'ಅ'ದಷ್ಟು ಕಡಿಮೆ ಹೊತ್ತು. ಹಾಗಾಗಿ ಕಲಿಯುವಾಗ ಬಾ... ಅಂತ ಪೂರ್ತಿ ಎಳೆದು, ಸ್ವರವನ್ನು ಮೇಲಕ್ಕೇರಿಸಿ, ಆಮೇಲೆ ಉಸಿರು ಕಟ್ಟಬೇಕು.

ಕೇಳೋದು ಇನ್ನೂ ಕಷ್ಟ. ಬಟ್ಟಲಿಗೆ 'ಬಾತ್' ಅಂತಾರೆ (ವಾಂಗೀಬಾತ್ ನೆನಪಾಗಿ ನನಗೆ ಹಸಿವಾಗ್ತಿತ್ತು). ಕೊನೆಯ ತ್ ಕೂಡ ಬಿಡುಗಡೆಯಾಗದ್ದರಿಂದ ಬಾಕ್, ಬಾತ್ ಎರಡೂ ನನ್ನ ಕಿವಿಗೆ ಬರೀ 'ಬಾ'. ಓನರ್ ಮಗನಿಗೆ ಇವೆರಡನ್ನೂ ಕಲಸಿ ಇಪ್ಪತ್ತು ಸಲ ಹೇಳು ಅಂದೆ, ನಾನು ಕೇಳಿಸಿದ್ದನ್ನು ಬರೆದೆ. ಹನ್ನೊಂದು ಸರಿ, ಅಂದರೆ ನಾಣ್ಯ ಚಿಮ್ಮಿದ ಹಾಗೆ. ಆಮೇಲೆ ಅವನ ಬಾಯಿ ನೋಡುತ್ತಾ ಕೇಳಿದೆ. ತ್ ಬಂದಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಕಾಣುತ್ತೆ, ಕ್ ಬಂದಾಗ ಕಾಣೋದಿಲ್ಲ. ಹೀಗೆ ಕಣ್ಣಿನಿಂದ ಕಲಿತದ್ದು ನಿಧಾನಕ್ಕೆ ಕಿವಿಗೆ ಇಳೀತು. ಮೂರು ವಾರಕ್ಕೆ ಅವನು ಬೆನ್ನು ತಿರುಗಿಸಿ ಹೇಳಿದರೂ ಹದಿನಾರು ಸರಿ ಬಂತು. ಹನೋಯಿಯ ಮಾತಿನಲ್ಲಿ ಮಾತ್ರ ಈ ಆಟ ನಡೆಯುತ್ತೆ. ದಕ್ಷಿಣದ ಸೈಗಾನಿನವರು ಇಲ್ಲಿ ತ್ ಅನ್ನು ಸಾಮಾನ್ಯವಾಗಿ ಕ್ ಮಾಡಿಬಿಡ್ತಾರೆ.

ಹೊರಡುವ ದಿನ ಗೇಟಿನ ಹತ್ತಿರ 'ಬಾಕ್' ಅಂದೆ, ಬಾಲವಿಲ್ಲದೆ. ಅವರು ತಿರುಗಿದರು. ಹಿಂದೆ ನಿಂತಿದ್ದ ಮಗ ಈ ಸಲ ನಗಲಿಲ್ಲ.