1.5ರಿಂದ ಹೊರಟ ಲೆಕ್ಕ

ಮಾಲೇಕಲ್ಲಿನಿಂದ ಅರಸೀಕೆರೆಗೆ ಬಸ್ಸಿನಲ್ಲಿ ಬರುತ್ತಿದ್ದ ಡಿಪ್ಲೊಮಾ ಹುಡುಗಿಯೊಬ್ಬಳು ತರಗತಿಯಲ್ಲಿ ಕೇಳಿದ ಪ್ರಶ್ನೆ ಇದು: "ಸರ್, ನ್ಯೂಟನ್–ರಾಫ್ಸನ್‌ನಲ್ಲಿ ಪ್ರತಿ ಸಲವೂ ಉತ್ತರದ ಹತ್ತಿರ ಹೋಗ್ತೀವಿ ಅಂತ ಹೇಳಿದ್ರಿ. ನನ್ನ ಕ್ಯಾಲ್ಕುಲೇಟರ್ ಒಂದೇ ನೆಗೆತಕ್ಕೆ ಎಲ್ಲಿಗೋ ಹೋಗಿಬಿಡ್ತು. ಯಾಕೆ?"

ಆ ದಿನ ನಾನು ಕೊಟ್ಟ ಉತ್ತರ ತಪ್ಪು. ಹಲವು ವರ್ಷ ಅದೇ ಪಾಠ ಮಾಡಿದವನು ಆ ಪ್ರಶ್ನೆಯನ್ನು ಪ್ರಶ್ನೆಯಾಗಿ ಕೇಳಿಸಿಕೊಳ್ಳಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ತಪ್ಪು.

ನಾನು ಕೊಟ್ಟಿದ್ದ ಸಮೀಕರಣ x sin x + cos x = 0. ಇದರ ಅತಿ ಚಿಕ್ಕ ಧನಾತ್ಮಕ ಮೂಲವನ್ನು ಕಂಡುಹಿಡಿಯಬೇಕಿತ್ತು. ಪುಸ್ತಕಗಳಲ್ಲಿ ಈ ಲೆಕ್ಕದ ಜೊತೆ "π ಹತ್ತಿರದ ಮೂಲ" ಎಂಬ ಸುಳಿವು ಇರುವುದುಂಟು. ಮಕ್ಕಳೇ ಆರಂಭದ ಬೆಲೆ ಹುಡುಕಲಿ ಎಂದು ಆ ಸುಳಿವನ್ನು ನಾನು ತೆಗೆದುಹಾಕಿದ್ದೆ. ಹುಡುಕುವ ದಾರಿಯನ್ನೂ ಹೇಳಿಕೊಟ್ಟಿದ್ದೆ: ಎರಡು ಕಡೆ ಬೆಲೆ ಹಾಕಿ ನೋಡಿ, ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಮೈನಸ್ ಬಂದರೆ ಮೂಲ ಆ ಎರಡರ ನಡುವೆ ಇದೆ, ನಡುವಿನ ಯಾವ ಬೆಲೆಯಿಂದ ಬೇಕಾದರೂ ಶುರುಮಾಡಿ.

ಅವಳು ಹೇಳಿದಂತೆಯೇ ಮಾಡಿದ್ದಳು. x = 0 ಹಾಕಿದಾಗ 1 ಬಂತು. x = 3 ಹಾಕಿದಾಗ −0.567 ಬಂತು. ನಡುವಿನ ಬೆಲೆ 1.5. ಕ್ಯಾಲ್ಕುಲೇಟರ್‌ನಲ್ಲಿ ಅದನ್ನು ಹೀಗೆ ಒತ್ತಿದ್ದಳು:

```
1.5 =
Ans-(Ans×sin(Ans)+cos(Ans))÷(Ans×cos(Ans))
= = = =
```

ಸೂತ್ರವೂ ಸರಿಯಾಗಿತ್ತು. x sin x + cos x ಅನ್ನು ಡಿಫರೆನ್ಶಿಯೇಟ್ ಮಾಡಿದರೆ sin x ಎರಡು ಸಲ ಬಂದು ವಜಾ ಆಗಿ x cos x ಮಾತ್ರ ಉಳಿಯುತ್ತದೆ. ಹಳೆಯ ಬೆಲೆಯಿಂದ f(x)/f′(x) ಕಳೆದರೆ ಹೊಸ ಬೆಲೆ. ಅವಳ ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದಿದ್ದವು ಇವು: −13.268, −12.347, −12.489, −12.486. ಆಮೇಲೆ ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ.

ನಾನು ಪುಟದ ಮೇಲೆ ಕಣ್ಣಾಡಿಸಿದೆನೇ ಹೊರತು ಓದಲಿಲ್ಲ. "ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ ಕಣಮ್ಮಾ, ರೇಡಿಯನ್‌ಗೆ ಹಾಕ್ಕೋ" ಎಂದೆ. ಡಿಪ್ಲೊಮಾ ತರಗತಿಯಲ್ಲಿ sin, cos ಬಂದ ಲೆಕ್ಕ ಕೆಟ್ಟರೆ ಬಹಳ ಸಲ ಕಾರಣ ಅದೇ. ಅವಳು ಕ್ಯಾಲ್ಕುಲೇಟರನ್ನು ನನ್ನತ್ತ ತಿರುಗಿಸಿ ತೋರಿಸಿದಳು. ಪರದೆಯ ಮೇಲೆ R ಇತ್ತು. "ಹಾಗಾದ್ರೆ ಎಲ್ಲೋ ಬ್ರಾಕೆಟ್ ಬಿಟ್ಟಿದ್ದೀಯ, ಮತ್ತೆ ಒತ್ತು" ಎಂದೆ. "ಸರ್, ಬಂದಿರೋ ಉತ್ತರವನ್ನ ವಾಪಸ್ ಹಾಕಿ ನೋಡ್ದೆ, ಸೊನ್ನೆ ಬರುತ್ತೆ" ಎಂದಳು.

ಅಲ್ಲಿ ನಾನು ನಿಲ್ಲಬೇಕಿತ್ತು. ವಾಪಸ್ ಹಾಕಿದಾಗ ಸೊನ್ನೆ ಬರುತ್ತದೆ ಎಂದರೆ ಅದು ಸಮೀಕರಣದ ನಿಜವಾದ ಮೂಲ, ಒತ್ತಿದ್ದರಲ್ಲಿ ಯಾವ ತಪ್ಪೂ ಇಲ್ಲ. ನಾನು ನಿಲ್ಲಲಿಲ್ಲ. ಬೋರ್ಡಿನ ಹತ್ತಿರ ಹೋಗಿ π ಇಂದ ಶುರುಮಾಡಿ 2.823, 2.799, 2.798 ಎಂದು ಬರೆದು, "ನೋಡು, ಬರುತ್ತೆ" ಎಂದೆ. ತರಗತಿ ಅದನ್ನು ಬರೆದುಕೊಂಡಿತು. ಅವಳೂ ಬರೆದುಕೊಂಡಳು, ತನ್ನ ನಾಲ್ಕು ಸಾಲುಗಳ ಮೇಲೆ ಗೀಟು ಎಳೆದು. ಆ ಗೀಟನ್ನು ನಾನು ನೋಡಿದೆ, ಏನೂ ಹೇಳಲಿಲ್ಲ. ಸರಿಯಾಗಿದ್ದ ಕೆಲಸವನ್ನು ಅವಳ ಕೈಯಿಂದಲೇ ಹೊಡೆದುಹಾಕಿಸಿದ್ದೆ.

ಸಂಜೆ ಮನೆಯಲ್ಲಿ 1.5 ಹಾಕಿ ನಾನೇ ಒತ್ತಿದೆ. −13.268 ಬಂತು. ಡಿಗ್ರಿಗೆ ಬದಲಿಸಿ ಒತ್ತಿದೆ. 0.807 ಬಂತು. ಅವಳ ಮೊದಲ ಸಾಲನ್ನು ಓದಿದ್ದರೆ ಸಾಕಿತ್ತು, ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ ಎಂದು R ನೋಡದೆಯೇ ತಿಳಿಯುತ್ತಿತ್ತು. ಡಿಗ್ರಿಯಲ್ಲಿದ್ದರೆ ಈ ನೆಗೆತ ಬರುವುದೇ ಇಲ್ಲ. ಅದರ ಬದಲು ಬೆಲೆ ಸೊನ್ನೆಯ ಆಚೀಚೆ ಅಲೆದಾಡುತ್ತದೆ, ಏಕೆಂದರೆ sin x ನ ಡೆರಿವೇಟಿವ್ cos x ಆಗುವುದು ರೇಡಿಯನ್‌ನಲ್ಲಿ ಮಾತ್ರ. ಎರಡು ಕಾಯಿಲೆಗಳ ಲಕ್ಷಣ ಬೇರೆ ಬೇರೆ. ನಾನು ಲಕ್ಷಣ ನೋಡದೆ ಔಷಧಿ ಬರೆದುಕೊಟ್ಟಿದ್ದೆ.

ಇನ್ನು ನೆಗೆತದ ಕಾರಣ. 1.5 ರಲ್ಲಿ f ನ ಬೆಲೆ 1.567. ಅಲ್ಲಿ ಇಳಿಜಾರು, ಅಂದರೆ x cos x, ಬರೀ 0.106. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 14.768. ಹೆಜ್ಜೆಯ ಉದ್ದ ಅದು. 1.5 ರಿಂದ 14.768 ಕಳೆದರೆ −13.268. ಹೆಜ್ಜೆ ಇಷ್ಟು ದೊಡ್ಡದಾಗಿದ್ದು f ದೊಡ್ಡದಾಗಿದ್ದುದರಿಂದಲ್ಲ, ಭಾಗಿಸುವ ಸಂಖ್ಯೆ ಸೊನ್ನೆಗೆ ಹತ್ತಿರವಾದುದರಿಂದ. x cos x ಸೊನ್ನೆಯಾಗುವುದು π/2 ರಲ್ಲಿ, ಅಂದರೆ 1.5708 ರಲ್ಲಿ. ನಮ್ಮ ವಕ್ರರೇಖೆ 0 ಯಲ್ಲಿ 1 ರ ಎತ್ತರದಿಂದ ಹೊರಟು, ನಿಧಾನವಾಗಿ ಏರಿ, 1.5708 ರಲ್ಲಿ ನೆತ್ತಿ ಮುಟ್ಟಿ, ಆಮೇಲೆ ಇಳಿದು 2.798 ರಲ್ಲಿ ನೆಲವನ್ನು ದಾಟುತ್ತದೆ. ಪಾಪದ ಹುಡುಗಿ ಆರಿಸಿದ ನಡುವಿನ ಬೆಲೆ ಆ ನೆತ್ತಿಯ ಪಕ್ಕದಲ್ಲೇ ಬಿದ್ದಿತ್ತು.

ಮಾರನೆಯ ತರಗತಿಯಲ್ಲಿ ಇದನ್ನು ಹೇಳಲು ಅವಳ ಊರಿನ ಬೆಟ್ಟವನ್ನೇ ತೆಗೆದುಕೊಂಡೆ. ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತುವಾಗ ಕಡಿದಾದ ಒಂದು ಜಾಗದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಬಯಲಿನಿಂದ ನೂರು ಅಡಿ ಮೇಲೆ. ಕಾಲಡಿಯ ಇಳಿಜಾರು ಅಡಿಗೆ ಒಂದು ಅಡಿ ಇಳಿಯುತ್ತದೆ. ಅದೇ ಇಳಿಜಾರಿನಲ್ಲಿ ಒಂದು ನೇರ ದಾರ ಎಳೆದರೆ ಅದು ನೂರು ಅಡಿ ಮುಂದೆ ಬಯಲು ಮುಟ್ಟುತ್ತದೆ. ಅದೇ ಎತ್ತರದಲ್ಲಿ, ಹೆಚ್ಚುಕಡಿಮೆ ಚಪ್ಪಟೆಯಾದ ಬಂಡೆಯ ಮೇಲೆ ನಿಂತಿದ್ದರೆ? ಹತ್ತು ಅಡಿಗೆ ಒಂದು ಅಡಿ ಇಳಿಯುವ ಬಂಡೆಗೆ ಹೊಂದಿಕೊಂಡ ದಾರ ಬಯಲು ಮುಟ್ಟಲು ಸಾವಿರ ಅಡಿ ಹೋಗಬೇಕು. ಸ್ಪರ್ಶರೇಖೆಗೆ ಬೆಟ್ಟದ ಆಕಾರ ಗೊತ್ತಿಲ್ಲ, ಕಾಲಡಿಯ ಇಳಿಜಾರು ಮಾತ್ರ ಗೊತ್ತು.

ಆಮೇಲೆ 1.6 ರಿಂದ ಶುರುಮಾಡಿ ಎಂದೆ. ನೆತ್ತಿಯ ಆಚೆ ಬದಿ ಅದು. ಇಳಿಜಾರು −0.0467. ಹೊಸ ಬೆಲೆ 35.208. ಅಲ್ಲಿಂದ ಒತ್ತುತ್ತಾ ಹೋದರೆ 34.53 ರಲ್ಲಿ ನಿಲ್ಲುತ್ತದೆ, ಅದೂ ಇನ್ನೊಂದು ನಿಜವಾದ ಮೂಲ. 1.5 ಕ್ಕೂ 1.6 ಕ್ಕೂ ಇರುವ ವ್ಯತ್ಯಾಸ 0.1. ಒಂದು ಎಡಕ್ಕೆ ಹಾರಿತು, ಇನ್ನೊಂದು ಬಲಕ್ಕೆ. ಈ ಸಮೀಕರಣಕ್ಕೆ ಎರಡೂ ದಿಕ್ಕಿನಲ್ಲಿ ಕೊನೆಯಿಲ್ಲದಷ್ಟು ಮೂಲಗಳಿವೆ, ಎಲ್ಲಿ ಬಿದ್ದರೂ ಹತ್ತಿರ ಒಂದು ಸಿಗುತ್ತದೆ. ಆದ್ದರಿಂದಲೇ ವಾಪಸ್ ಹಾಕಿ ಸೊನ್ನೆ ಬಂತೇ ಎಂದು ನೋಡುವುದು ಇಲ್ಲಿ ಅರ್ಧ ಪರೀಕ್ಷೆ ಮಾತ್ರ. ಅದು ಮೂಲ ಹೌದೇ ಎಂದು ಹೇಳುತ್ತದೆ, ನಾವು ಕೇಳಿದ ಮೂಲವೇ ಎಂದು ಹೇಳುವುದಿಲ್ಲ. ಕ್ಯಾಸಿಯೊ 991 ಮಾದರಿಯ SOLVE ಕೂಡ ಒಳಗೆ ನ್ಯೂಟನ್ ವಿಧಾನವನ್ನೇ ಬಳಸುತ್ತದೆ. ಉತ್ತರದ ಕೆಳಗೆ ಅದು ತೋರಿಸುವ L-R ಸೊನ್ನೆಯಾಗಿದ್ದರೂ ಗೊತ್ತಾಗುವುದು ಅಷ್ಟೇ.

ಉಪಾಯ ಅವಳ ನೋಟ್‌ಬುಕ್ಕಿನಲ್ಲೇ ಇತ್ತು. ಮೂಲ 0 ಮತ್ತು 3 ರ ನಡುವೆ ಇದೆ ಎಂದು ಅವಳು ಮೊದಲೇ ಬರೆದಿದ್ದಳು. ಹೊಸ ಬೆಲೆ ಆ ಎಲ್ಲೆಯ ಹೊರಗೆ ಬಿದ್ದ ಕ್ಷಣವೇ ಅದನ್ನು ತಿರಸ್ಕರಿಸಬೇಕಿತ್ತು. ಆಗ 1.5 ವ್ಯರ್ಥವಾಗುವುದಿಲ್ಲ. ಅಲ್ಲಿ f ಪ್ಲಸ್ ಆದ್ದರಿಂದ ಎಲ್ಲೆ 1.5 ರಿಂದ 3 ಕ್ಕೆ ಕಿರಿದಾಗುತ್ತದೆ. ಅದರ ನಡುವೆ 2.25. ಅಲ್ಲಿ f 1.122, ಮತ್ತೆ ಪ್ಲಸ್. ಎಲ್ಲೆ 2.25 ರಿಂದ 3. ಸ್ಪರ್ಶರೇಖೆಯ ಹೆಜ್ಜೆ ಈಗ 3.044 ಕ್ಕೆ ಒಯ್ಯುತ್ತದೆ, ಕೂದಲೆಳೆಯಷ್ಟು ಹೊರಗೆ. ಅದನ್ನು ಒಪ್ಪಿಕೊಂಡಿದ್ದರೂ ನಷ್ಟವಿರಲಿಲ್ಲ, ಮುಂದಿನ ಹೆಜ್ಜೆಗೆ 2.813 ಬರುತ್ತದೆ. ಆದರೆ ನಿಯಮ ಪಾಲಿಸೋಣ ಎಂದು ಮತ್ತೆ ನಡುವಿನ ಬೆಲೆ 2.625 ತೆಗೆದುಕೊಂಡೆವು. ಅಲ್ಲಿ f 0.427, ಇಳಿಜಾರು −2.282. ಹೊಸ ಬೆಲೆ 2.812, ಎಲ್ಲೆಯ ಒಳಗೆ. ಮುಂದೆ 2.7985, ಆಮೇಲೆ 2.7984. ಮೂಲದ ಹತ್ತಿರ ಬಂದ ಮೇಲೆ ಸ್ಪರ್ಶರೇಖೆ ಬಹಳ ವೇಗವಾಗಿ ಹೋಗುತ್ತದೆ. ದೂರದಲ್ಲಿರುವಾಗ ಅದಕ್ಕೆ ಎಲ್ಲೆಯ ಕಾವಲು ಬೇಕು.

ಇದೆಲ್ಲ ನನಗೆ ಗೊತ್ತಿರದ ವಿಷಯವೇನಲ್ಲ. f′ ಸೊನ್ನೆಯ ಹತ್ತಿರ ಬಂದರೆ ವಿಧಾನ ಕೈಕೊಡುತ್ತದೆ ಎಂದು ಅದೇ ಅಧ್ಯಾಯದಲ್ಲಿ ನಾನೇ ಬರೆಸಿದ್ದೆ. ಅದನ್ನು ಒಂದು ಸಾಲಿನ ಟಿಪ್ಪಣಿಯಾಗಿ ಬರೆಸಿದ್ದೆ, ಅಂಥ ಲೆಕ್ಕವನ್ನು ಒಂದನ್ನೂ ಮಾಡಿಸಿರಲಿಲ್ಲ. ಚೆನ್ನಾಗಿ ಬರುವ ಆರಂಭದ ಬೆಲೆಗಳನ್ನೇ ಆರಿಸಿಕೊಂಡು ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ. π ಇಂದ ಹೊರಟರೆ ಬೆಲೆಗಳು ಒಂದೇ ಬದಿಯಿಂದ ಮೂಲಕ್ಕೆ ಇಳಿದು ಬರುತ್ತವೆ. ಅಲ್ಲಿ f ಕೂಡ ಮೈನಸ್, ಎರಡನೆಯ ಡೆರಿವೇಟಿವ್ ಕೂಡ ಮೈನಸ್, ಮೂಲದವರೆಗೂ ವಕ್ರರೇಖೆ ಒಂದೇ ಕಡೆಗೆ ಬಾಗಿರುತ್ತದೆ. ಪುಸ್ತಕ ಬರೆದವರು ಕೊಟ್ಟ ಸುಳಿವಿನಲ್ಲಿ ಆ ಭದ್ರತೆ ಇತ್ತು. ನಾನು ಸುಳಿವು ತೆಗೆದೆ, ಅದರ ಜಾಗದಲ್ಲಿ "ಯಾವ ಬೆಲೆಯಾದರೂ ಆಗಬಹುದು" ಎಂಬ ಸುಳ್ಳನ್ನು ಇಟ್ಟೆ. ಅದನ್ನು ನಂಬಿ ನಡೆದವಳನ್ನು ಅಜಾಗರೂಕಳೆಂದು ತರಗತಿಯೆದುರು ನಿಲ್ಲಿಸಿದೆ.

ಮಾರನೆಯ ದಿನ ಬೆಟ್ಟದ ಮಾತು ಮುಗಿದ ಮೇಲೆ, ನಿನ್ನೆ ತಪ್ಪಾಗಿದ್ದು ನನ್ನ ಪಾಠದಲ್ಲಿ, ಅವಳ ಲೆಕ್ಕದಲ್ಲಿ ಅಲ್ಲ ಎಂದು ಎಲ್ಲರೆದುರು ಹೇಳಿದೆ. ಅವಳು, "ಹಾಗಾದ್ರೆ ಆ ನಾಲ್ಕು ಸಾಲು ಅಳಿಸೋದು ಬೇಡ ಅಲ್ವಾ ಸರ್?" ಎಂದಳು. ಬೇಡ ಎಂದೆ.

ಈ ಪಾಠ ಕಲಿಯುತ್ತಿರುವ ಮಕ್ಕಳಿಗೆ ನನ್ನದೊಂದು ಕೋರಿಕೆ. ಬರೀ = ಒತ್ತುತ್ತಾ ಹೋಗಬೇಡಿ. ಪ್ರತಿ ಸಾಲಿನಲ್ಲೂ x, f, f′, ಹೆಜ್ಜೆಯ ಉದ್ದ ನಾಲ್ಕನ್ನೂ ಬರೆಯಿರಿ, ಮೂಲ ಯಾವ ಎರಡು ಸಂಖ್ಯೆಗಳ ನಡುವೆ ಇದೆ ಎಂಬುದನ್ನು ಪುಟದ ಮೇಲ್ಗಡೆ ಬರೆದಿಡಿ. ಅಷ್ಟಾದ ಮೇಲೂ ಬೆಲೆ ಎಲ್ಲೋ ಹಾರಿದರೆ ಆ ಸಾಲನ್ನು ಹೊಡೆದುಹಾಕದೆ ಹಾಗೆಯೇ ತಂದು ಮೇಷ್ಟ್ರಿಗೆ ತೋರಿಸಿ.