ಇನ್ನೂ ಹನ್ನೊಂದು ತಿಂಗಳ ರಜೆ ಕೇಳುವಾಗ

ನೌಕರಿಯಲ್ಲಿದ್ದುಕೊಂಡೇ ಮುಂದೆ ಓದಬೇಕು ಅನ್ನುವವರು ನಮ್ಮ ಹುಮನಾಬಾದ್ ಕಡೆ ಕಡಿಮೆಯೇನಿಲ್ಲ. ಅವರಲ್ಲಿ ಅಧ್ಯಯನ ರಜೆ, ಅಂದರೆ ಸ್ಟಡಿ ಲೀವ್, ಕೇಳಿದವರು ಕಡಿಮೆ. ಕೇಳಿದವರೂ ಎರಡನೇ ವರ್ಷ ಬಂದಾಗ ಗಾಬರಿಯಾಗುತ್ತಾರೆ. ಯಾಕಂದರೆ ಎಂ.ಕಾಂ. ಎರಡು ವರ್ಷದ್ದು, ರಜೆ ಸಿಕ್ಕಿದ್ದು ಒಂದೇ ವರ್ಷಕ್ಕೆ.

ನಮ್ಮ ಗೆಳೆಯನೊಬ್ಬನಿಗೆ ಹೀಗೇ ಆಯಿತು. ಅವನು ಕೇಂದ್ರ ಸರ್ಕಾರದ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕಾಯಂ ನೌಕರ. ಕಲಬುರಗಿಯಲ್ಲಿ ಎಂ.ಕಾಂ. ಓದಲು 2024ರ ಆಗಸ್ಟ್ 1ರಿಂದ 2025ರ ಜುಲೈ 31ರವರೆಗೆ ರಜೆ ಪಡೆದಿದ್ದ. ಮುಂದಿನ ವರ್ಷಕ್ಕೆ ಅರ್ಜಿ ಬರೆಯೋಣ ಬರ್ರಿ ಅಂತ ಏಪ್ರಿಲ್‌ನಲ್ಲೇ ನಮ್ಮನ್ನು ಕರೆದ. ನಾವು ಮೊದಲು ನಿಯಮ ಓದಿದೆವು.

ಕೇಂದ್ರ ನೌಕರರಿಗೆ ಅನ್ವಯಿಸುವುದು 1972ರ ರಜೆ ನಿಯಮಗಳು. ಅದರ ಪ್ರಕಾರ ಅಧ್ಯಯನ ರಜೆ ಒಂದು ಸಲಕ್ಕೆ ಸಾಮಾನ್ಯವಾಗಿ 12 ತಿಂಗಳು, ಇಡೀ ಸೇವೆಯಲ್ಲಿ ಒಟ್ಟು 24 ತಿಂಗಳು. ಕನಿಷ್ಠ 5 ವರ್ಷ ಸೇವೆ ಆಗಿರಬೇಕು. ಈ ರಜೆ ಗಳಿಕೆ ರಜೆಯ ಲೆಕ್ಕದಿಂದ ಕಳೆಯುವುದಿಲ್ಲ. ರಾಜ್ಯ ಸರ್ಕಾರದ ನೌಕರರಿಗೆ ನಿಯಮ ಬೇರೆ. ಹಳ್ಳಿಯ ಅಂಚೆ ಕಚೇರಿಯ ಗ್ರಾಮೀಣ ಡಾಕ್ ಸೇವಕರಿಗೂ ಈ ನಿಯಮ ಹತ್ತುವುದಿಲ್ಲ.

ಗೆಳೆಯನಿಗೆ ಬೇಕಿದ್ದದ್ದು 2025ರ ಆಗಸ್ಟ್ 1ರಿಂದ 2026ರ ಜೂನ್ 30ರವರೆಗೆ, ಅಂದರೆ 11 ತಿಂಗಳು. ಹಿಂದಿನ 12 ಸೇರಿಸಿದರೆ 23. ಮಿತಿಯೊಳಗೇ ಇದೆ. ಈ ಲೆಕ್ಕವನ್ನು ಅರ್ಜಿಯಲ್ಲೇ ಬರೆದುಬಿಟ್ಟರೆ ಕಡತ ನೋಡುವವರ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಅವನು ಬರೆದಿಟ್ಟಿದ್ದ ಕರಡಿನಲ್ಲಿ ಬಡತನ, ಅಪ್ಪನ ಆಸೆ, ಎಲ್ಲಾ ಇತ್ತು. ಅದು ಸುಳ್ಳಲ್ಲ. ಆದರೆ ನಿಯಮ ಕೇಳುವುದು ಬೇರೆ: ಈ ಓದಿಗೂ ನೌಕರನ ಕೆಲಸಕ್ಕೂ ಏನು ಸಂಬಂಧ, ಇದರಿಂದ ಸರ್ಕಾರಕ್ಕೆ ಏನು ಲಾಭ? "ಹಂಗಾದ್ರ ನಂದೇನೂ ಬರಿಬಾರದೇನು?" ಅಂದ. ನಿನ್ನ ಕೆಲಸದ್ದು ಬರಿ ಅಂದೆವು. ಅವನ ಮೇಜಿಗೆ ಬರುವುದು ಬಿಲ್ಲು, ಖರ್ಚಿನ ಪಟ್ಟಿ, ಆಡಿಟ್ ಆಕ್ಷೇಪಣೆ. ಓದುತ್ತಿರುವುದು ಲೆಕ್ಕಪರಿಶೋಧನೆ, ತೆರಿಗೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅರ್ಜಿಗೆ ಬಲ ಬಂತು.

ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಕಚೇರಿಯ ರೂಢಿಯಂತೆ ಇಂಗ್ಲಿಷಿಗೆ ತಂದೆವು. ಕನ್ನಡದ್ದು ಹೀಗಿತ್ತು:

"ಸೂಕ್ತ ಮಾರ್ಗದ ಮೂಲಕ.

ವಿಷಯ: ಅಧ್ಯಯನ ರಜೆಯನ್ನು 01-08-2025ರಿಂದ 30-06-2026ರವರೆಗೆ ವಿಸ್ತರಿಸುವ ಕುರಿತು.

ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಮಂಜೂರು ಮಾಡಿದ 12 ತಿಂಗಳ ರಜೆಯಲ್ಲಿ ನಾನು ಎಂ.ಕಾಂ. ಮೊದಲ ಸೆಮಿಸ್ಟರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದು, ಎರಡನೆಯದರಲ್ಲಿ ವ್ಯಾಸಂಗ ಮಾಡುತ್ತಿದ್ದೇನೆ. ಉಳಿದ ಎರಡು ಸೆಮಿಸ್ಟರ್‌ಗಳಿಗೆ 11 ತಿಂಗಳ ವಿಸ್ತರಣೆ ಅಗತ್ಯವಿದೆ. ಇದರೊಂದಿಗೆ ಒಟ್ಟು ರಜೆ 23 ತಿಂಗಳಾಗಿ, ಗರಿಷ್ಠ ಮಿತಿಯೊಳಗೆ ಇರುತ್ತದೆ. ಲೆಕ್ಕಪರಿಶೋಧನೆಯ ವ್ಯಾಸಂಗವು ನಾನು ನಿರ್ವಹಿಸುವ ಬಿಲ್ಲು ಪರಿಶೀಲನೆ ಹಾಗೂ ಆಡಿಟ್ ಉತ್ತರಗಳ ಕೆಲಸಕ್ಕೆ ನೇರವಾಗಿ ಉಪಯುಕ್ತವಾಗಿದೆ. ವಿಸ್ತರಣೆಗೆ ಸಂಬಂಧಿಸಿದ ಬಾಂಡನ್ನು ರಜೆ ಆರಂಭಕ್ಕೆ ಮುನ್ನ ಬರೆದುಕೊಡಲು ಸಿದ್ಧನಿದ್ದೇನೆ. ದಯವಿಟ್ಟು ಮಂಜೂರು ಮಾಡಬೇಕೆಂದು ವಿನಂತಿಸುತ್ತೇನೆ."

ಜೊತೆಗೆ ಅಂಕಪಟ್ಟಿ, ಹಾಜರಾತಿ ಪತ್ರ, ಕೋರ್ಸ್ ಮುಗಿಯುವ ದಿನಾಂಕ ಬರೆದ ವಿಭಾಗದ ಮುಖ್ಯಸ್ಥರ ಪತ್ರ ಇಟ್ಟೆವು. ದಿನಾಂಕದ ಪತ್ರ ಇಲ್ಲದಿದ್ದರೆ 11 ತಿಂಗಳೇ ಯಾಕೆ, 9 ಸಾಲದೇ ಅನ್ನುವ ಪ್ರಶ್ನೆ ಬಂದು ಕಡತ ಹಿಂದಕ್ಕೆ ಬರಬಹುದು.

ಬಾಂಡಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮೊದಲ ವರ್ಷದ ಬಾಂಡ್ ಎರಡನೇ ವರ್ಷಕ್ಕೆ ನಡೆಯುವುದಿಲ್ಲ. ಕಾಯಂ ನೌಕರರಿಗೆ ಮೊದಲ ರಜೆಗೆ ಫಾರಂ 7, ವಿಸ್ತರಣೆಗೆ ಫಾರಂ 8. ಓದು ಮುಗಿಸದೆ ಬಿಟ್ಟರೂ, ಮರಳಿ ಬಂದ ಮೂರು ವರ್ಷದೊಳಗೆ ರಾಜೀನಾಮೆ ಕೊಟ್ಟರೂ, ರಜೆಯಲ್ಲಿ ಪಡೆದ ಸಂಬಳವನ್ನು ಬಡ್ಡಿ ಸಹಿತ ಕಟ್ಟಬೇಕಾಗುತ್ತದೆ. ಬೇರೆ ನೌಕರಿಗೆ ಹಾರುವ ಯೋಚನೆ ಇದ್ದವರು ಸಹಿ ಹಾಕುವ ಮುಂಚೆಯೇ ಈ ಲೆಕ್ಕ ಹಾಕಬೇಕು.

ಭಾರತದೊಳಗೆ ಓದುವಾಗ ರಜೆಯ ಸಂಬಳ ಸಿಗುತ್ತದೆ. ಆದರೆ ವಿದ್ಯಾರ್ಥಿವೇತನವಾಗಲಿ, ಅರೆಕಾಲಿಕ ಕೆಲಸದ ದುಡ್ಡಾಗಲಿ ಪಡೆಯುತ್ತಿಲ್ಲ ಎಂದು ಬರೆದುಕೊಡಬೇಕು. ಸಂಜೆ ಟ್ಯೂಷನ್ ಹೇಳಿದರಾಯಿತು ಅಂದುಕೊಂಡಿದ್ದ ಗೆಳೆಯ ಇದನ್ನು ಓದಿ ಆ ಯೋಚನೆ ಕೈಬಿಟ್ಟ.

ಅರ್ಜಿ ಕೊಟ್ಟ ಮಾತ್ರಕ್ಕೆ ರಜೆ ಸಿಕ್ಕಂತಲ್ಲ. ಆದೇಶ ಕೈಗೆ ಬರದೆ ಆಗಸ್ಟ್ 1ರಂದು ಕಚೇರಿಗೆ ಹೋಗದಿದ್ದರೆ ಅದು ಅನಧಿಕೃತ ಗೈರುಹಾಜರಿ ಆಗಬಹುದು. ಅದಕ್ಕೇ ಅವನು ಅರ್ಜಿಯ ನಕಲಿನ ಮೇಲೆ ಕಚೇರಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡ. ಆದೇಶ ಬರುವುದು ತಡವಾದರೆ ಆಗಸ್ಟ್ 1ಕ್ಕೆ ಹೋಗಿ ಡ್ಯೂಟಿಗೆ ಹಾಜರಾಗುವುದು ಎಂದು ಆಗಲೇ ತೀರ್ಮಾನಿಸಿಯೂ ಇಟ್ಟುಕೊಂಡ.