ಮೊದಲ ಹೆಸರು, ಎರಡನೇ ಹೆಸರು

ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಹೊರಡಿಸುವ ಪ್ರಕಟಣೆಗಳಲ್ಲಿ ಒಂದು ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇದನ್ನು ಬ್ಯಾಂಕಿನ ಪರವಾನಗಿ ರದ್ದಾಗಿದೆ ಎಂದು ತಿಳಿಯಬಾರದು ಅಂತ. 2022ರ ಬೇಸಿಗೆಯಲ್ಲಿ ನನ್ನ ಸೋದರಮಾವನ ಊರಿನ ಬ್ಯಾಂಕಿನ ಕಬ್ಬಿಣದ ಗೇಟಿಗೆ ಅಂಟಿಸಿದ್ದ ಹಾಳೆಯಲ್ಲೂ ಆ ಸಾಲಿತ್ತು. ಅದನ್ನು ಯಾರೂ ಓದಲಿಲ್ಲ. ಎಲ್ಲರ ಕಣ್ಣು ಹೋದದ್ದು ಇನ್ನೊಂದು ಸಾಲಿನ ಮೇಲೆ: ಒಬ್ಬ ಠೇವಣಿದಾರ ತನ್ನ ಎಲ್ಲ ಖಾತೆಗಳಿಂದ ಸೇರಿ ತೆಗೆಯಬಹುದಾದ ಮೊತ್ತ 30,000 ರೂಪಾಯಿ.

ತಿಂಗಳಿಗೆ ಮೂವತ್ತು ಸಾವಿರ ಅಂತ ಕೆಲವರು, ಒಂದೊಂದು ಖಾತೆಗೆ ಮೂವತ್ತು ಸಾವಿರ ಅಂತ ಇನ್ನು ಕೆಲವರು ಗೇಟಿನ ಮುಂದೆಯೇ ವಾದಕ್ಕಿಳಿದಿದ್ದರು. ಎರಡೂ ಅಲ್ಲ. ಉಳಿತಾಯ, ಚಾಲ್ತಿ, ಎಫ್‌ಡಿ ಎಲ್ಲ ಒಟ್ಟುಗೂಡಿಸಿ, ಒಬ್ಬ ಮನುಷ್ಯನಿಗೆ, ಮುಂದಿನ ಆದೇಶದವರೆಗೆ ಒಟ್ಟಾರೆ ಅಷ್ಟೇ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ಕಲಮಿನ ಅಡಿ ಬರುವ ಇಂಥ ಆದೇಶ ಹೆಚ್ಚಾಗಿ ಆರು ತಿಂಗಳಿಗೆಂದು ಶುರುವಾಗುತ್ತದೆ, ಆಮೇಲೆ ಮುಂದುವರಿಯುತ್ತ ಹೋಗಬಹುದು. ಮೊತ್ತಕ್ಕೂ ನಿಗದಿಯಾದ ಸೂತ್ರವಿಲ್ಲ. ಬ್ಯಾಂಕಿನ ಕೈಯಲ್ಲಿ ನಗದು ಎಷ್ಟಿದೆ ಎಂಬುದನ್ನು ನೋಡಿ ರಿಸರ್ವ್ ಬ್ಯಾಂಕು ಗೊತ್ತುಮಾಡುತ್ತದೆ. 2019ರ ಸೆಪ್ಟೆಂಬರಿನಲ್ಲಿ ಮುಂಬೈನ ಪಿಎಂಸಿ ಬ್ಯಾಂಕಿನ ಗ್ರಾಹಕರಿಗೆ ಮೊದಲು ಸಿಕ್ಕ ಮಿತಿ ಬರೀ 1,000 ರೂಪಾಯಿ. ಕೂಗು ಎದ್ದ ಮೇಲೆ ಅದು ಹತ್ತು ಸಾವಿರ, ಇಪ್ಪತ್ತೈದು ಸಾವಿರ ಎಂದು ಏರುತ್ತ ಒಂಬತ್ತು ತಿಂಗಳಲ್ಲಿ ಒಂದು ಲಕ್ಷ ಮುಟ್ಟಿತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ಹಾಕಿದ್ದು 35,000.

ನಮ್ಮದೇ ದುಡ್ಡು, ಅದಕ್ಕೂ ರೇಷನ್ನೇ ಎಂಬ ಸಿಟ್ಟು ನ್ಯಾಯವಾದದ್ದು. ಆದರೆ ಮಿತಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದೂ ಸ್ಪಷ್ಟ. ಠೇವಣಿ ದುಡ್ಡಿನ ಬಹುಪಾಲು ಸಾಲವಾಗಿ ಹೊರಗಿರುತ್ತದೆ. ಸುದ್ದಿ ಮೊದಲು ತಿಳಿಯುವುದು ನಿರ್ದೇಶಕರಿಗೆ, ಅವರ ನೆಂಟರಿಗೆ. ಅವರು ಬೆಳಿಗ್ಗೆ ಬಂದು ತಿಜೋರಿ ಖಾಲಿ ಮಾಡಿದರೆ ಮಧ್ಯಾಹ್ನ ಬಂದವನಿಗೆ ಉಳಿಯುವುದು ಕೌಂಟರು ಮಾತ್ರ. ಪಿಎಂಸಿಯಲ್ಲಿ ಸಾಲದ ಶೇಕಡಾ 70ಕ್ಕೂ ಹೆಚ್ಚು ಪಾಲು ಒಂದೇ ಕಟ್ಟಡ ನಿರ್ಮಾಣ ಸಮೂಹದ ಕೈಯಲ್ಲಿ ಸಿಕ್ಕಿಕೊಂಡಿತ್ತು. ಮಾವನ ಊರಿನಲ್ಲಿ ಅಷ್ಟು ದೊಡ್ಡ ಕುಳಗಳಿಲ್ಲ. ಆದರೂ ಹಳೆ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ ಕೊಡುವ ವಿದ್ಯೆ ಅಲ್ಲಿಗೂ ತಲುಪಿತ್ತು. ಪ್ರತಿ ವರ್ಷ ಸರ್ವಸದಸ್ಯರ ಸಭೆಯಲ್ಲಿ ಹಂಚುವ ವರದಿ ಪುಸ್ತಕದಲ್ಲಿ ನಿವ್ವಳ ಎನ್‌ಪಿಎ ಎಂಬ ಅಂಕಿ ಮೂರು ವರ್ಷದಿಂದ ಏರುತ್ತಲೇ ಇತ್ತು. ಸಭೆಯ ದಿನ ಜನ ಆ ಪುಸ್ತಕವನ್ನು ಊಟದ ಪಂಕ್ತಿಯಲ್ಲಿ ಗಾಳಿ ಹಾಕಿಕೊಳ್ಳಲು ಬಳಸುತ್ತಿದ್ದರು.

ನಿರ್ಬಂಧ ಬಿದ್ದ ಮೊದಲ ವಾರ ಹೆಚ್ಚು ಪೆಟ್ಟು ತಿಂದವರು ಚಾಲ್ತಿ ಖಾತೆಯವರು. ಮಾವನ ಮನೆಯೆದುರಿನ ದಿನಸಿ ಅಂಗಡಿಯವರು ಸಗಟು ವ್ಯಾಪಾರಿಗಳಿಗೆ ಕೊಟ್ಟಿದ್ದ ಚೆಕ್ಕುಗಳು ಒಂದೊಂದಾಗಿ ವಾಪಸು ಬಂದವು. ಖಾತೆಯಲ್ಲಿ ಹಣವಿದೆ, ಚೆಕ್ಕು ಪಾಸಾಗುವುದಿಲ್ಲ. ವಾಹನದ ಸಾಲದ ಕಂತನ್ನು ಇದೇ ಖಾತೆಗೆ ಜೋಡಿಸಿದ್ದವರಿಗೆ ಇನ್ನೊಂದು ಬ್ಯಾಂಕಿನಿಂದ ದಂಡದ ಸಂದೇಶ ಬರತೊಡಗಿತು. ಅಂಗಡಿಯವರು 'ಸ್ಟೋರ್ಸ್' ಹೆಸರಿನ ಖಾತೆ ಬೇರೆ, ನನ್ನ ಖಾತೆ ಬೇರೆ, ಎರಡರಲ್ಲೂ ಮೂವತ್ತು ಕೊಡಿ ಅಂತ ಕೇಳಿದರು. ಒಬ್ಬರೇ ಮಾಲೀಕರಾದ ಅಂಗಡಿ ಮತ್ತು ಅದರ ಮಾಲೀಕ, ಲೆಕ್ಕಕ್ಕೆ ಒಬ್ಬರೇ ಎಂದು ಮ್ಯಾನೇಜರು ವಿವರಿಸಿದರು. ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಬೇರೆ ಮಾತಿತ್ತು.

ಇನ್ನೊಬ್ಬರು ಪಿಗ್ಮಿ ಸಂಗ್ರಹಿಸುವವರು. ಹದಿನೆಂಟು ವರ್ಷ ಅದೇ ಸಂತೆಬೀದಿಯಲ್ಲಿ ಹೂವಿನವರಿಂದ, ಚಹದಂಗಡಿಯಿಂದ, ದರ್ಜಿಯಿಂದ ದಿನಾ ಐವತ್ತು, ನೂರು ಎತ್ತಿದವರು. ಹೊಸ ಠೇವಣಿ ತೆಗೆದುಕೊಳ್ಳುವಂತಿಲ್ಲ ಎಂಬ ಆದೇಶದಿಂದ ಅವರ ಕಮಿಷನ್ ಅವತ್ತೇ ನಿಂತಿತು. ಬೀದಿಯ ಜನಕ್ಕೆ ಬ್ಯಾಂಕು ಅಂದರೆ ಅವರ ಮುಖ. ಹಾಗಾಗಿ ಕೇಳುವುದೂ ಅವರನ್ನೇ. ಅವರು ಸೈಕಲ್ಲು ಬಿಟ್ಟು ಹಿಂದಿನ ಓಣಿಯಿಂದ ನಡೆದು ಓಡಾಡುತ್ತಿದ್ದರು. ನಿಜ ಹೇಳಬೇಕೆಂದರೆ ಅವರ ಗ್ರಾಹಕರಲ್ಲಿ ಬಹಳಷ್ಟು ಜನರ ಹಣ ಆ ಮಿತಿಯೊಳಗೇ ಇತ್ತು, ಹದಿನೈದು ದಿನದಲ್ಲಿ ಪೂರ್ತಿ ಕೈಸೇರಿತು. ಇಂಥ ನಿರ್ಬಂಧದಲ್ಲಿ ಸಣ್ಣವರು ಬೇಗ ಬಿಡುಗಡೆಯಾಗುತ್ತಾರೆ. ಸಿಕ್ಕಿಕೊಳ್ಳುವವರು ನಿವೃತ್ತಿ ಹಣ ಇಟ್ಟವರು.

ಮಾವ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ರಾಷ್ಟ್ರೀಕೃತ ಬ್ಯಾಂಕಿಗಿಂತ ಇಲ್ಲಿ ಬಡ್ಡಿ ಒಂದೂವರೆ ಶೇಕಡಾ ಜಾಸ್ತಿ, ಹೋದರೆ ಕೂರಿಸಿ ಮಾತಾಡಿಸುತ್ತಾರೆ, ಮ್ಯಾನೇಜರು ಅವರ ಶಿಷ್ಯ. ಇಷ್ಟು ಕಾರಣ ಸಾಕಾಗಿತ್ತು. ನಾನು ಹೋದ ದಿನ ಊಟದ ಮೇಜಿನ ಮೇಲೆ ಅತ್ತೆ ಎಲ್ಲ ರಸೀದಿಗಳನ್ನು ಹರಡಿ ಕೂತಿದ್ದರು. "ನೀನು ಓದಿದೋನಲ್ವೇನೋ, ನಮಗೆ ಎಷ್ಟು ಬರುತ್ತೆ, ಎಷ್ಟು ಹೋಗುತ್ತೆ, ಸರಿಯಾಗಿ ಲೆಕ್ಕ ಹಾಕಿ ಹೇಳು. ಸಮಾಧಾನ ಗೀಮಾಧಾನ ಬೇಡ" ಅಂದರು.

ಲೆಕ್ಕ ಹಾಕುವುದಕ್ಕೆ ಬೇಕಾದ ಕಾನೂನು ಆಗ ಇನ್ನೂ ಹೊಸದು. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮದ, ಅಂದರೆ ಡಿಐಸಿಜಿಸಿಯ ವಿಮೆ ಇದೆ. ಅದರ ಮಿತಿ ಬಹುಕಾಲ ಒಂದು ಲಕ್ಷವಿದ್ದು 2020ರ ಫೆಬ್ರವರಿ 4ರಿಂದ ಐದು ಲಕ್ಷವಾಯಿತು. ಅಸಲು, ಬಡ್ಡಿ ಎರಡೂ ಸೇರಿ ಐದು. ಆದರೆ ಆ ವಿಮೆ ಸಿಗುತ್ತಿದ್ದದ್ದು ಬ್ಯಾಂಕು ಮುಚ್ಚಿದರೆ ಅಥವಾ ಇನ್ನೊಂದರ ಜೊತೆ ವಿಲೀನವಾದರೆ. ಬದುಕೂ ಇಲ್ಲದ ಸಾವೂ ಇಲ್ಲದ ನಿರ್ಬಂಧದ ಕಾಲದಲ್ಲಿ, ಅದು ಎಷ್ಟು ವರ್ಷ ಎಳೆದರೂ, ಪೈಸೆಯಿಲ್ಲ. ಪಿಎಂಸಿ ಮತ್ತು ಬೆಂಗಳೂರಿನ ಬ್ಯಾಂಕಿನ ಠೇವಣಿದಾರರು ಅನುಭವಿಸಿದ್ದು ಇದನ್ನೇ. 2021ರಲ್ಲಿ ಕಾಯ್ದೆಗೆ 18ಎ ಎಂಬ ಕಲಮು ಸೇರಿತು. ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಅದರಂತೆ ನಿರ್ಬಂಧ ಬಿದ್ದ 45 ದಿನದೊಳಗೆ ಬ್ಯಾಂಕು ಠೇವಣಿದಾರರ ಪಟ್ಟಿ ಕಳಿಸಬೇಕು, ನಿಗಮ 30 ದಿನದಲ್ಲಿ ಪರಿಶೀಲಿಸಿ ಮುಂದಿನ 15 ದಿನದಲ್ಲಿ ಕೊಡಬೇಕು. ಒಟ್ಟು ತೊಂಬತ್ತು. ಬ್ಯಾಂಕನ್ನು ವಿಲೀನದಂಥ ದಾರಿಯಲ್ಲಿ ಉಳಿಸುವ ಪ್ರಯತ್ನ ನಡೆದಿದ್ದರೆ ಇನ್ನೂ ತೊಂಬತ್ತು ದಿನ ಮುಂದಕ್ಕೆ ಹೋಗಬಹುದು.

ಮಾವನೊಬ್ಬರ ಹೆಸರಿನಲ್ಲಿ 4,20,000ದ ಎಫ್‌ಡಿ, ಉಳಿತಾಯ ಖಾತೆಯಲ್ಲಿ 38,000, ಅಲ್ಲಿಯವರೆಗಿನ ಬಡ್ಡಿ 21,000. ಕೂಡಿದರೆ 4,79,000. ಐದರ ಒಳಗಿದೆ. ಮನೆಖರ್ಚಿಗೆಂದು ಅವರು ಉಳಿತಾಯದಿಂದ ಮೂವತ್ತು ಸಾವಿರ ತೆಗೆದಾಗಿತ್ತು, ಇನ್ನು ಬರಬೇಕಾದ್ದು 4,49,000. ಅತ್ತೆಯ ಮುಖದಲ್ಲಿ ಸ್ವಲ್ಪ ಕಳೆ ಬಂತು.

ಜಂಟಿ ಖಾತೆಯ ಎಫ್‌ಡಿಗಳು ಎರಡು. ಒಂದು 3,50,000, ಇನ್ನೊಂದು 3,00,000. ಎರಡಕ್ಕೂ ಬಡ್ಡಿ 30,000. ಒಟ್ಟು 6,80,000. ಇಲ್ಲಿದೆ ಸೂಕ್ಷ್ಮ. ಮಾವನೊಬ್ಬರ ಖಾತೆಗೂ ಮಾವ–ಅತ್ತೆ ಜಂಟಿ ಖಾತೆಗೂ ವಿಮೆ ಬೇರೆ ಬೇರೆ, ಯಾಕೆಂದರೆ ಹಕ್ಕುದಾರಿಕೆ ಬೇರೆ. ಜಂಟಿ ಖಾತೆಗಳಲ್ಲೂ ಹೆಸರಿನ ಕ್ರಮ ಬೇರೆಯಾದರೆ ನಿಗಮ ಅದನ್ನು ಬೇರೆ ಹಕ್ಕೆಂದೇ ಎಣಿಸುತ್ತದೆ. ಮಾವ ಮೊದಲು ಅತ್ತೆ ನಂತರ ಇದ್ದರೆ ಒಂದು ಐದು ಲಕ್ಷ, ಅತ್ತೆ ಮೊದಲು ಮಾವ ನಂತರ ಇದ್ದರೆ ಇನ್ನೊಂದು ಐದು ಲಕ್ಷ. ಎರಡು ರಸೀದಿಗಳನ್ನೂ ಬೆಳಕಿಗೆ ಹಿಡಿದು ನೋಡಿದೆ. ಎರಡರಲ್ಲೂ ಮಾವನೇ ಮೊದಲು. ಹಾಗಾಗಿ ಎರಡೂ ಒಂದಾಗಿ ಬರುವುದು 5,00,000. ವಿಮೆಯ ಹೊರಗೆ ಉಳಿಯುವುದು 1,80,000.

"ಅಂದ್ರೆ, ಒಂದರಲ್ಲಿ ನನ್ನ ಹೆಸರು ಮೊದಲು ಬರೆದಿದ್ರೆ ಪೂರ್ತಿ ಬರ್ತಿತ್ತಾ?" ಅತ್ತೆ ಕೇಳಿದರು. ಹೂಂ ಅಂದೆ. ಮಾವ ಕನ್ನಡಕ ತೆಗೆದು ಒರೆಸತೊಡಗಿದರು. ಫಾರಂ ತುಂಬುವಾಗ ಗಂಡಸಿನ ಹೆಸರು ಮೊದಲು ಬರೆಯುವುದು ಯಾರೂ ಯೋಚಿಸಿ ಮಾಡುವ ಕೆಲಸವಲ್ಲ, ಕೈ ತಾನಾಗಿ ಬರೆಯುತ್ತದೆ. ಅದಕ್ಕೆ ಈ ಮನೆಯಲ್ಲಿ ಬಿದ್ದ ಬೆಲೆ ಒಂದು ಲಕ್ಷದ ಎಂಬತ್ತು ಸಾವಿರ. ಅತ್ತೆ ಬೈಯಲಿಲ್ಲ. ಎದ್ದು ಹೋಗಿ ಕಾಫಿ ತಂದರು, ಮಾವನ ಲೋಟಕ್ಕೆ ಸಕ್ಕರೆ ಹಾಕಿರಲಿಲ್ಲ.

ಕಡತದಲ್ಲಿ ಇನ್ನೊಂದು ಕಾಗದವಿತ್ತು: ಮಾವನ ಹೆಸರಿನ 10,000 ರೂಪಾಯಿಯ ಷೇರು ಪತ್ರ. ಮನೆ ರಿಪೇರಿಗೆ ಸಾಲ ಪಡೆಯುವಾಗ ಸದಸ್ಯರಾಗಬೇಕೆಂದು ಕೊಂಡದ್ದು. ಷೇರು ಠೇವಣಿಯಲ್ಲ, ಅದಕ್ಕೆ ವಿಮೆ ಇಲ್ಲ. ಸಾಲ ಬಾಕಿಯಿದ್ದಿದ್ದರೆ ಅದನ್ನೂ ಕಳೆದೇ ಕೊಡುತ್ತಿದ್ದರು, ಅದು ತೀರಿಹೋಗಿತ್ತು.

ವಿಮೆ ಹಣ ತಾನಾಗಿ ಬರುವುದಿಲ್ಲ. ಠೇವಣಿದಾರ ತನಗೆ ಹಣ ಬೇಕು ಎಂದು ಬರೆದುಕೊಡಬೇಕು, ಇನ್ನೊಂದು ಬ್ಯಾಂಕಿನ ಖಾತೆಯ ವಿವರ ಕೊಡಬೇಕು, ಗುರುತಿನ ದಾಖಲೆ ಲಗತ್ತಿಸಬೇಕು. ಊರಿನ ಎಷ್ಟೋ ಜನಕ್ಕೆ ಇನ್ನೊಂದು ಖಾತೆಯೇ ಇರಲಿಲ್ಲ. ಕೆಲವರ ಹೆಸರು ಪಾಸ್‌ಬುಕ್ಕಿನಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ಪಕ್ಕದ ಬೀದಿಯ ಒಬ್ಬ ಅಜ್ಜಿಯ ಠೇವಣಿ ನಾಲ್ಕು ವರ್ಷದ ಹಿಂದೆ ತೀರಿಕೊಂಡ ಗಂಡನ ಹೆಸರಿನಲ್ಲೇ ಇತ್ತು. ಬಡ್ಡಿ ಬರುತ್ತಿದ್ದುದರಿಂದ ಬದಲಾಯಿಸುವ ಗೋಜಿಗೆ ಹೋಗಿರಲಿಲ್ಲ. ನಾಮಿನಿ ಕಾಲಂ ಖಾಲಿ. ಮರಣ ಪತ್ರ, ವಂಶವೃಕ್ಷ, ಮಕ್ಕಳ ಒಪ್ಪಿಗೆ ಎಂದು ಅವರು ನಾಡಕಚೇರಿಗೆ ಅಲೆಯುವಷ್ಟರಲ್ಲಿ ಕೊಟ್ಟ ಗಡುವು ಮುಗಿದಿತ್ತು. ಮಾವನ ಶಿಷ್ಯ ಮ್ಯಾನೇಜರು, ಊರವರ ಬೈಗುಳ ತಿನ್ನುತ್ತಲೇ, ಸಂಜೆ ಏಳರವರೆಗೆ ಕೂತು ಇಂಥವರ ಫಾರಂಗಳನ್ನು ತುಂಬಿಸುತ್ತಿದ್ದುದನ್ನು ನಾನು ನೋಡಿದ್ದೇನೆ.

ಆ ದಿನಗಳಲ್ಲಿ ಊರಿನ ಕೆಲವರು ಬುದ್ಧಿವಂತಿಕೆಯೆಂದುಕೊಂಡು ಕೈಗೆ ಬಂದ ಮೂವತ್ತು ಸಾವಿರವನ್ನು ಎದುರಿಗಿದ್ದ ಪತ್ತಿನ ಸಹಕಾರ ಸಂಘದಲ್ಲಿಟ್ಟರು. ಅಲ್ಲಿ ಬಡ್ಡಿ ಇನ್ನೂ ಜಾಸ್ತಿ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಇಂಥ ಸಂಘಗಳ ಠೇವಣಿಗೆ ಡಿಐಸಿಜಿಸಿ ವಿಮೆ ಒಂದು ರೂಪಾಯಿಗೂ ಇಲ್ಲ. ಬಾಣಲೆಯಿಂದ ಬೆಂಕಿಗೆ ಎನ್ನುವುದು ಇದಕ್ಕೇ.

ಮಾವನ ಖಾತೆಗೆ ಹಣ ಬಂದದ್ದು ತೊಂಬತ್ತು ದಿನ ದಾಟಿ ಎರಡು ದಿನಕ್ಕೆ. 4,49,000 ಮತ್ತು 5,00,000, ಎರಡು ಸಂದೇಶ. ಆಮೇಲೆ ಬ್ಯಾಂಕಿನ ಪರವಾನಗಿ ರದ್ದಾಯಿತು, ಸಹಕಾರ ಇಲಾಖೆ ಸಮಾಪನಾಧಿಕಾರಿಯನ್ನು ನೇಮಿಸಿತು. ಉಳಿದ 1,80,000ಕ್ಕೆ ಮಾವ ಅರ್ಜಿ ಹಾಕಿದ್ದಾರೆ. ಅದು ಬರಬೇಕಾದ್ದು ಸಾಲಗಾರರಿಂದ ವಸೂಲಾಗುವ ಹಣದಿಂದ. ಅದರಲ್ಲೇ ನಿಗಮ ಕೊಟ್ಟಿದ್ದನ್ನೂ ತೀರಿಸಬೇಕು. ಅಡವಿಟ್ಟ ಆಸ್ತಿಗಳಲ್ಲಿ ಒಂದು ಕಲ್ಯಾಣ ಮಂಟಪದ ಹರಾಜು ಎರಡು ಸಲ ಮುಂದೆ ಹೋಗಿದೆ. ಮಾವ ಮೂರು ತಿಂಗಳಿಗೊಮ್ಮೆ ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಹೋಗಿ, ಕಚೇರಿಯ ಬೋರ್ಡಿನಲ್ಲಿ ಹೊಸ ತಾರೀಖು ನೋಡಿಕೊಂಡು ಬರುತ್ತಾರೆ.